ಎತ್ತರಕ್ಕಷ್ಟೇ ಅಲ್ಲ ಬೆಳವಣಿಗೆಯ ಹಾರ್ಮೋನ್

ಈಗಷ್ಟೇ ಹುಟ್ಟಿದ ಮಗು. ಎತ್ತಿಕೊಂಡರೆ ಕೈಕಾಲು ಜೋತು ಬೀಳುತ್ತವೆ. ಅಳು ತೀರಾ ಕ್ಷೀಣ. ಹಾಲು ಚೀಪುವಷ್ಟೂ ಶಕ್ತಿಯಿಲ್ಲ, ಮೂಗಿನಿಂದ ಟ್ಯೂಬ್ ಹಾಕಿ ಕುಡಿಸಬೇಕು. ಇದೇ ಮಗು ನಾಲ್ಕೈದು ವರ್ಷಕ್ಕೆ ಸದಾ ತಿಂಡಿಯ ಧ್ಯಾನದಲ್ಲಿರುತ್ತದೆ. ಎಂಟರ ಹೊತ್ತಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ. ಎರಡೂ ಒಂದೇ ಕಾಯಿಲೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಇದು ಪ್ರೇಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೇಡರ್, ಲ್ಯಾಬ್‌ಹಾರ್ಟ್ ಮತ್ತು ವಿಲ್ಲಿ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ನಮ್ಮ 15ನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ಕೆಲವು ಜೀನ್‌ಗಳು ತಂದೆಯಿಂದ ಬಂದ ಪ್ರತಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ತಾಯಿಯ ಪ್ರತಿಯಲ್ಲಿ ಅವು ಮೌನ. ಹಾಗಾಗಿ ತಂದೆಯ ಆ ತುಣುಕು ಕಳೆದುಹೋದರೆ, ಅಥವಾ ಎರಡೂ ಪ್ರತಿಗಳು ತಾಯಿಯಿಂದಲೇ ಬಂದರೆ, ಕೆಲಸ ನಿಂತೇ ಹೋಗುತ್ತದೆ. ಬಹುಪಾಲು ಇದು ಆಕಸ್ಮಿಕ. ಯಾರ ತಪ್ಪೂ ಅಲ್ಲ. ಜೀನ್‌ಗಳ ಮೇಲಿನ ಮೌನದ ಗುರುತನ್ನು ನೋಡುವ ರಕ್ತದ ಡಿಎನ್ಎ ಮೆಥಿಲೇಷನ್ ಪರೀಕ್ಷೆಯಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದು ಪತ್ತೆಯಾಗುತ್ತದೆ.

ಪೆಟ್ಟು ಬೀಳುವುದು ಮುಖ್ಯವಾಗಿ ಮೆದುಳಿನ ಹೈಪೋಥಲಾಮಸ್‌ಗೆ. ಹಸಿವನ್ನು ನೋಡಿಕೊಳ್ಳುವುದು ಅದೇ, ಬೆಳವಣಿಗೆಯ ಹಾರ್ಮೋನ್ ಬಿಡಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಹೇಳುವುದೂ ಅದೇ. ಹಾರ್ಮೋನ್ ಕಡಿಮೆಯಾದರೆ ಮಗು ಗಿಡ್ಡವಾಗುತ್ತದೆ, ಇದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಮೈಯಲ್ಲಿ ಸ್ನಾಯು ಕಡಿಮೆಯಾಗಿ ಕೊಬ್ಬು ಜಾಸ್ತಿಯಾಗುತ್ತದೆ. ತೆಳ್ಳಗೆ ಕಾಣುವ ಮಗುವಿನಲ್ಲೂ ಹೀಗಿರಬಹುದು. ಸ್ನಾಯು ಕಡಿಮೆಯಾದ್ದರಿಂದ ಖರ್ಚಾಗುವ ಶಕ್ತಿಯೂ ಕಡಿಮೆ. ಹಸಿವು ಮಾತ್ರ ಅಪಾರ.

ಆದ್ದರಿಂದ ಎತ್ತರ ಕುಂಠಿತವಾಗುವ ತನಕ ಕಾಯದೆ, ಮೊದಲ ವರ್ಷದಲ್ಲೇ ಹಾರ್ಮೋನ್ ಶುರು ಮಾಡುವುದುಂಟು. ಎಂಟು ತಿಂಗಳ ಮಗುವಿನ ಮೈಯ ಹೊರ ವಿಸ್ತೀರ್ಣ 0.4 ಚದರ ಮೀಟರ್ ಅಂದುಕೊಳ್ಳಿ. ಚದರ ಮೀಟರಿಗೆ 0.5 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ 0.2 ಮಿ.ಗ್ರಾಂ ಆಯಿತು. ರಾತ್ರಿ ಮಲಗುವ ಮುಂಚೆ ಚರ್ಮದ ಕೆಳಗೆ ಪುಟ್ಟ ಇಂಜೆಕ್ಷನ್. ಮುಂದೆ, ಹಾರ್ಮೋನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಐಜಿಎಫ್-1 ಎಂಬ ಅಂಶ ರಕ್ತದಲ್ಲಿ ಎಷ್ಟಿದೆ ಎಂದು ನೋಡಿ ನಿಧಾನಕ್ಕೆ ಏರಿಸುತ್ತಾರೆ. ಮಗು ಕೂರುವುದು, ನಡೆಯುವುದು ಬೇಗ ಬರುತ್ತದೆ. ನನ್ನ ಪ್ರಕಾರ ಇಲ್ಲಿ ಎತ್ತರಕ್ಕಿಂತ ದೊಡ್ಡ ಲಾಭ ಇದೇ.

ಎಚ್ಚರಿಕೆಯೂ ಬೇಕು. ಹಾರ್ಮೋನಿನಿಂದ ಗಂಟಲಿನ ಟಾನ್ಸಿಲ್ ದಪ್ಪವಾಗಿ ನಿದ್ದೆಯಲ್ಲಿ ಉಸಿರು ಕಟ್ಟಬಹುದು. ಮೈ ತೀರಾ ದಪ್ಪವಿದ್ದು ಉಸಿರಾಟದ ತೊಂದರೆಯೂ ಇದ್ದ ಮಕ್ಕಳು ಚಿಕಿತ್ಸೆಯ ಸಮಯದಲ್ಲಿ ಸತ್ತ ವರದಿಗಳಿವೆ. ಅದಕ್ಕೇ ಶುರು ಮಾಡುವ ಮುಂಚೆ ಮತ್ತು ಕೆಲವು ವಾರಗಳ ನಂತರ ನಿದ್ದೆಯ ಪರೀಕ್ಷೆ ಮಾಡುತ್ತಾರೆ. ಗೊರಕೆ ಹೊಸದಾಗಿ ಬಂದರೆ, ಅಥವಾ ಜೋರಾದರೆ, ತಕ್ಷಣ ವೈದ್ಯರಿಗೆ ಹೇಳಬೇಕು. ಬೆನ್ನುಮೂಳೆ ವಾಲುತ್ತಿದೆಯೇ ಎಂದೂ ಆಗಾಗ ನೋಡಬೇಕು.

ಆದರೆ ಈ ಹಾರ್ಮೋನಿನಿಂದ ಹಸಿವು ತಗ್ಗುವುದಿಲ್ಲ. 2025ರಲ್ಲಿ ಅಮೆರಿಕದಲ್ಲಿ ಈ ಅತಿ ಹಸಿವನ್ನು ತಗ್ಗಿಸಲೆಂದೇ ಒಂದು ಔಷಧಕ್ಕೆ ಒಪ್ಪಿಗೆ ಸಿಕ್ಕಿದೆ. ಆದರೂ ಅಡುಗೆಮನೆಗೆ, ಫ್ರಿಜ್‌ಗೆ ಬೀಗ ಹಾಕುವುದು ಇಂದಿಗೂ ಚಿಕಿತ್ಸೆಯ ಭಾಗ. ಅದು ಶಿಕ್ಷೆಯಲ್ಲ. ಮುಂದಿನ ಊಟ ಯಾವಾಗ, ಏನು ಎಂದು ಮೊದಲೇ ಗೊತ್ತಿದ್ದರೆ, ನಡುವೆ ಏನೂ ಸಿಗುವುದಿಲ್ಲ ಎಂದೂ ಖಾತ್ರಿಯಿದ್ದರೆ, ಆ ಮಗು ಊಟದ ಚಿಂತೆ ಬಿಟ್ಟು ಆಟಕ್ಕೆ ಹೋಗುವುದು ಸುಲಭವಾಗುತ್ತದೆ.