ಓದುಗರ ಪ್ರಶ್ನೆ: ನಾಳೆ ಪರೀಕ್ಷೆ, ಬೆಳಕಿನ ಪಾಠಕ್ಕೆ ಇಂದು ರಾತ್ರಿ ಒಂದೇ ಹಾಳೆ. ಅದರಲ್ಲಿ ಏನಿರಬೇಕು?

“ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ. ನಾಳೆ ವಿಜ್ಞಾನ. ಬೆಳಕಿನ ಪ್ರತಿಫಲನ ಮತ್ತು ವಕ್ರೀಭವನದ ಪಾಠವನ್ನು ಎರಡು ಸಲ ಓದಿದ್ದೇನೆ. ಆದರೂ ದರ್ಪಣದ ಲೆಕ್ಕ ಮಾಡುವಾಗ ಮಸೂರದ ಸೂತ್ರ ಬರುತ್ತದೆ, ಪ್ಲಸ್ ಹಾಕಬೇಕಾದಲ್ಲಿ ಮೈನಸ್ ಬೀಳುತ್ತದೆ. ಇಂದು ರಾತ್ರಿ ಒಂದು ಹಾಳೆಯಷ್ಟು ಮಾತ್ರ ಪುನರಾವರ್ತನೆ ಮಾಡಬಲ್ಲೆ. ಏನು ಬರೆದುಕೊಳ್ಳಲಿ?”

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ನಿಮಗೆ ಪಾಠ ಗೊತ್ತಿದೆ, ಎಡವುವುದು ಚಿಹ್ನೆಯಲ್ಲಿ. ಹಾಗಾದರೆ ಹಾಳೆಯಲ್ಲಿ ಪಾಠದ ಸಾರಾಂಶ ಬೇಡ. ಪ್ರತಿಫಲನದ ನಿಯಮ, ಧ್ರುವದ ವ್ಯಾಖ್ಯೆ, ವಕ್ರತಾ ಕೇಂದ್ರದ ವ್ಯಾಖ್ಯೆ ಇವೆಲ್ಲ ಈಗಾಗಲೇ ನಾಲಿಗೆಯ ಮೇಲಿರುತ್ತವೆ. ಅವನ್ನು ಮತ್ತೆ ಅಂದವಾಗಿ ಬರೆಯುತ್ತ ಕುಳಿತರೆ ಓದಿದ ಸಮಾಧಾನ ಸಿಗುತ್ತದೆ, ಅಷ್ಟೇ. ಕೈ ತಪ್ಪುವ ಜಾಗಗಳಿಗೆ ಮಾತ್ರ ಹಾಳೆಯನ್ನು ಮೀಸಲಿಡಿ.

ಮೊದಲ ಸಾಲು ಇದು: ನಿಮ್ನವಾದರೆ f ಋಣ, ಪೀನವಾದರೆ f ಧನ. ದರ್ಪಣವೋ ಮಸೂರವೋ ಎಂದು ಯೋಚಿಸಬೇಕಾಗಿಲ್ಲ, ಎರಡಕ್ಕೂ ಇದೇ ಮಾತು. ಹಲವರು ಇದನ್ನು ನಾಲ್ಕು ಬೇರೆ ಬೇರೆ ಸಂಗತಿಗಳಾಗಿ ಬಾಯಿಪಾಠ ಮಾಡಿ ನಾಲ್ಕನ್ನೂ ಕಲಸಿಕೊಳ್ಳುತ್ತಾರೆ.

ಎರಡನೆಯ ಸಾಲು: ಎದುರಿಗಿಟ್ಟ ವಸ್ತುವಿಗೆ u ಯಾವಾಗಲೂ ಋಣ. ವಸ್ತುವನ್ನು ಎಡಗಡೆ ಇಡುತ್ತೇವೆ, ಬೆಳಕು ಎಡದಿಂದ ಬಲಕ್ಕೆ ಸಾಗುತ್ತದೆ, ಅದು ಸಾಗುವ ದಿಕ್ಕಿನಲ್ಲಿ ಅಳೆದದ್ದು ಧನ, ಎದುರು ದಿಕ್ಕಿನಲ್ಲಿ ಅಳೆದದ್ದು ಋಣ. ಅಳತೆ ಶುರುವಾಗುವುದು ದರ್ಪಣದ ಧ್ರುವದಿಂದ ಅಥವಾ ಮಸೂರದ ನಡುಬಿಂದುವಿನಿಂದ. ಪ್ರಶ್ನೆಯಲ್ಲಿ “15 cm ದೂರದಲ್ಲಿ ವಸ್ತುವಿದೆ” ಎಂದಷ್ಟೇ ಇರುತ್ತದೆ, ಋಣ ಚಿಹ್ನೆಯನ್ನು ಮುದ್ರಿಸಿರುವುದಿಲ್ಲ. ಅದನ್ನು ಹಾಕುವುದು ನಿಮ್ಮ ಕೆಲಸ.

ಮೂರನೆಯದು ಸೂತ್ರಗಳು. ಇವನ್ನು ಒಂದರ ಕೆಳಗೆ ಒಂದಾಗಿ ಬರೆಯಬೇಡಿ, ಅಕ್ಕಪಕ್ಕ ಬರೆಯಿರಿ:

ದರ್ಪಣ: 1/v + 1/u = 1/f, m = −v/u
ಮಸೂರ: 1/v − 1/u = 1/f, m = v/u

ಸ್ವಲ್ಪ ಹೊತ್ತು ಇವನ್ನು ದಿಟ್ಟಿಸಿ ನೋಡಿ. ಪ್ರತಿ ಸಾಲಿನಲ್ಲೂ ಒಂದೇ ಒಂದು ಋಣ ಚಿಹ್ನೆಯಿದೆ. ದರ್ಪಣಕ್ಕೆ ಅದು ವರ್ಧನೆಯಲ್ಲಿ, ಮಸೂರಕ್ಕೆ ದೂರದ ಸೂತ್ರದಲ್ಲಿ. ಒಂದೇ ಸಾಲಿನಲ್ಲಿ ಎರಡು ಋಣ ಬರೆದರೆ ಅಥವಾ ಒಂದೂ ಬರೆಯದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ಅಲ್ಲೇ ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಪಾಠದಲ್ಲಿ ಇದಕ್ಕಿಂತ ಬೆಲೆಬಾಳುವ ಎರಡು ಸಾಲುಗಳಿಲ್ಲ.

ಇನ್ನು ಹಾಳೆಯ ಅರ್ಧ ಭಾಗವನ್ನು ಒಂದು ಜೋಡಿ ಲೆಕ್ಕಕ್ಕೆ ಕೊಡಿ. ಸಂಖ್ಯೆಗಳು ಎರಡರಲ್ಲೂ ಒಂದೇ ಇರಲಿ, ಆಗ ವ್ಯತ್ಯಾಸ ಚಿಹ್ನೆಯಲ್ಲಿ ಮಾತ್ರ ಕಾಣುತ್ತದೆ. ಸಂಗಮದೂರ 10 cm, ವಸ್ತುದೂರ 15 cm, ವಸ್ತುವಿನ ಎತ್ತರ 3 cm. ಮೊದಲು ನಿಮ್ನ ದರ್ಪಣ:

f = −10, u = −15
1/v = 1/f − 1/u = −1/10 + 1/15 = (−3 + 2)/30 = −1/30
v = −30 cm
m = −v/u = −(−30)/(−15) = −2
ಪ್ರತಿಬಿಂಬದ ಎತ್ತರ = −2 × 3 = −6 cm

ಈಗ ಅದೇ ಸಂಖ್ಯೆಗಳಲ್ಲಿ ಪೀನ ಮಸೂರ:

f = +10, u = −15
1/v = 1/f + 1/u = 1/10 − 1/15 = (3 − 2)/30 = 1/30
v = +30 cm
m = v/u = 30/(−15) = −2
ಪ್ರತಿಬಿಂಬದ ಎತ್ತರ = −6 cm

ದರ್ಪಣದಲ್ಲಿ v ಋಣ ಬಂದಿದೆ, ಅಂದರೆ ಪ್ರತಿಬಿಂಬ ದರ್ಪಣದ ಮುಂದೆ, ವಸ್ತು ಇರುವ ಕಡೆಯೇ ಇದೆ. ಮಸೂರದಲ್ಲಿ v ಧನ, ಅಂದರೆ ಪ್ರತಿಬಿಂಬ ಆಚೆ ಬದಿಯಲ್ಲಿದೆ. ಚಿಹ್ನೆ ಬೇರೆಯಾದರೂ ಎರಡೂ ಸತ್ಯ ಪ್ರತಿಬಿಂಬಗಳೇ, ಏಕೆಂದರೆ ಎರಡು ಕಡೆಯೂ ಬೆಳಕು ನಿಜವಾಗಿ ಅಲ್ಲಿಗೆ ಹೋಗಿ ಸೇರುತ್ತದೆ. ಹಾಗಾಗಿ “ಪ್ರತಿಬಿಂಬದ ಸ್ವಭಾವ ತಿಳಿಸಿ” ಎಂದು ಕೇಳಿದಾಗ v ನೋಡಿ ಗೊಂದಲಕ್ಕೆ ಬೀಳಬೇಡಿ, m ನೋಡಿ. m ಋಣವಾದರೆ ಸತ್ಯ ಮತ್ತು ತಲೆಕೆಳಗಾದದ್ದು. m ಧನವಾದರೆ ಮಿಥ್ಯ ಮತ್ತು ನೇರವಾದದ್ದು. ಚಿಹ್ನೆಯನ್ನು ಬಿಟ್ಟು ನೋಡಿದಾಗ 1ಕ್ಕಿಂತ ಹೆಚ್ಚಿದ್ದರೆ ವಸ್ತುವಿಗಿಂತ ದೊಡ್ಡದು, ಕಡಿಮೆಯಿದ್ದರೆ ಚಿಕ್ಕದು. ಇದು ದರ್ಪಣಕ್ಕೂ ಸರಿ, ಮಸೂರಕ್ಕೂ ಸರಿ.

ಈಗ ಬೇಕೆಂದೇ ತಪ್ಪು ಮಾಡಿ ನೋಡೋಣ. ನಿಮ್ನ ದರ್ಪಣದ ಲೆಕ್ಕದಲ್ಲಿ f ಮುಂದಿನ ಋಣ ಚಿಹ್ನೆಯನ್ನು ಮರೆತಿರಿ ಎಂದುಕೊಳ್ಳಿ. 1/v = 1/10 + 1/15 = 5/30 = 1/6, ಅಂದರೆ v = +6 cm. ಲೆಕ್ಕ ಅಚ್ಚುಕಟ್ಟಾಗಿದೆ, ಭಿನ್ನರಾಶಿಯೂ ಸರಿಯಾಗಿದೆ. ಆದರೆ ನೀವು ಬಿಡಿಸಿದ್ದು ಬೇರೆ ಪ್ರಶ್ನೆಯನ್ನು: ಇದು ಪೀನ ದರ್ಪಣದ ಉತ್ತರ. ಇನ್ನೊಂದು ತಪ್ಪು, f ಮತ್ತು u ಚಿಹ್ನೆಗಳನ್ನು ಸರಿಯಾಗಿ ಹಾಕಿ ದರ್ಪಣಕ್ಕೆ ಮಸೂರದ ಸೂತ್ರ ಬಳಸುವುದು. ಆಗ v = −6 cm ಬರುತ್ತದೆ. ಎರಡೂ ಉತ್ತರಗಳು ನೋಡುವುದಕ್ಕೆ ಸಭ್ಯವಾಗಿವೆ, ಅದೇ ಅಪಾಯ.

ಇವನ್ನು ಹಿಡಿಯುವುದಕ್ಕೆ ಹಾಳೆಯಲ್ಲಿ ಇನ್ನೊಂದು ವಾಕ್ಯ ಬೇಕು. ನಿಮ್ನ ದರ್ಪಣದಲ್ಲಿ ವಸ್ತು ದೂರದಿಂದ F ಕಡೆಗೆ ಬಂದಂತೆ ಪ್ರತಿಬಿಂಬ F ಬಳಿಯಿಂದ ಆಚೆ ಸರಿಯುತ್ತ ದೊಡ್ಡದಾಗುತ್ತದೆ, C ಬಳಿ ಎರಡೂ ಭೇಟಿಯಾಗುತ್ತವೆ ಮತ್ತು ಅಲ್ಲಿ ಗಾತ್ರ ಸಮ. ನಮ್ಮ ಲೆಕ್ಕದಲ್ಲಿ F ಇರುವುದು 10ರಲ್ಲಿ, C ಇರುವುದು 20ರಲ್ಲಿ. ವಸ್ತು 15ರಲ್ಲಿದೆ, C ದಾಟಿ ಒಳಗೆ ಬಂದಿದೆ. ಹಾಗಾದರೆ ಪ್ರತಿಬಿಂಬ 20ರ ಆಚೆ, ವಸ್ತುವಿಗಿಂತ ದೊಡ್ಡದಾಗಿ ಇರಲೇಬೇಕು. 30 ಎಂದು ಬಂದರೆ ಒಪ್ಪಬಹುದು, 6 ಎಂದು ಬಂದರೆ ಒಪ್ಪುವ ಮಾತೇ ಇಲ್ಲ. ಲೆಕ್ಕ ಶುರು ಮಾಡುವ ಮೊದಲೇ ಮೂಲೆಯಲ್ಲಿ “20ಕ್ಕಿಂತ ಹೆಚ್ಚು, ದೊಡ್ಡದು” ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಉತ್ತರ ಬಂದ ಕೂಡಲೇ ತಾಳೆ ನೋಡಬಹುದು. ವಸ್ತು F ಮೇಲೆಯೇ ಇದ್ದರೆ ಪ್ರತಿಬಿಂಬ ಅನಂತ ದೂರದಲ್ಲಿ, F ದಾಟಿ ಒಳಗೆ ಬಂದರೆ ದರ್ಪಣದ ಹಿಂದೆ ಮಿಥ್ಯ, ನೇರ ಮತ್ತು ದೊಡ್ಡದು.

ಪಠ್ಯದಲ್ಲಿ ಆರು ಸ್ಥಾನಗಳ ಕೋಷ್ಟಕ ಇರುತ್ತದೆಯಲ್ಲ, ಅದನ್ನು ಹಾಳೆಗೆ ಇಳಿಸಬೇಡಿ. ಮೇಲಿನ ವಾಕ್ಯದಿಂದ ಅಷ್ಟೂ ಹೊರಬರುತ್ತದೆ. ಪೀನ ಮಸೂರಕ್ಕೂ ಇದೇ ವಾಕ್ಯ, C ಬದಲು 2F ಎನ್ನಿ. ಸತ್ಯ ಪ್ರತಿಬಿಂಬ ಆಚೆ ಬದಿಯಲ್ಲಿ ಮೂಡುವುದರಿಂದ “ಭೇಟಿ” ಎಂಬ ಮಾತು ಅಲ್ಲಿ ಹೊಂದುವುದಿಲ್ಲ, ಎರಡೂ ಸಮ ದೂರದಲ್ಲಿರುತ್ತವೆ ಎಂದುಕೊಳ್ಳಿ. F ಒಳಗಿನ ಮಿಥ್ಯ ಪ್ರತಿಬಿಂಬ ಮಾತ್ರ ವಸ್ತು ಇರುವ ಬದಿಯಲ್ಲೇ ಇರುತ್ತದೆ. ಉಳಿದ ಜೋಡಿ, ಅಂದರೆ ಪೀನ ದರ್ಪಣ ಮತ್ತು ನಿಮ್ನ ಮಸೂರ, ಎದುರಿಗಿಟ್ಟ ವಸ್ತುವಿಗೆ ಯಾವಾಗಲೂ ಮಿಥ್ಯ, ನೇರ, ಚಿಕ್ಕ ಪ್ರತಿಬಿಂಬವನ್ನೇ ಕೊಡುತ್ತವೆ. ವಾಹನದ ಪಕ್ಕದ ಕನ್ನಡಿ ಪೀನ ದರ್ಪಣವೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ, ಆದರೆ ಅರ್ಧ ಮಾತ್ರ. ಪ್ರತಿಬಿಂಬ ನೇರವಾಗಿರುತ್ತದೆ ಎಂದು ಬರೆದು ನಿಲ್ಲಿಸುವವರು ಬಹಳ. ಹಿಂದಿನ ರಸ್ತೆಯ ಹೆಚ್ಚು ವಿಸ್ತಾರ ಕಾಣುತ್ತದೆ ಎಂಬುದನ್ನೂ ಸೇರಿಸಿ.

ಪ್ರಶ್ನೆ ತಿರುಗಿಬಿದ್ದಾಗ ಒಂದು ಎಚ್ಚರ. “ಎರಡು ಪಟ್ಟು ದೊಡ್ಡದಾದ ಸತ್ಯ ಪ್ರತಿಬಿಂಬ ಬೇಕು, ವಸ್ತುವನ್ನು ಎಲ್ಲಿಡಬೇಕು?” ಎಂದಿದ್ದರೆ m = −2 ಎಂದು ತೆಗೆದುಕೊಳ್ಳಬೇಕು, 2 ಅಲ್ಲ. “ಸತ್ಯ” ಎಂಬ ಪದವೇ ಅಲ್ಲಿ ಋಣ ಚಿಹ್ನೆ. ಆದರೆ ಕಂಡುಹಿಡಿಯಬೇಕಾದ ರಾಶಿಗೆ ನೀವಾಗಿ ಚಿಹ್ನೆ ಅಂಟಿಸಬೇಡಿ. v ಗೊತ್ತಿಲ್ಲದಿದ್ದರೆ v ಎಂದೇ ಬಿಡಿ, ಚಿಹ್ನೆ ತಾನಾಗಿ ಬರುತ್ತದೆ. ಮೊದಲೇ −v ಎಂದು ಬರೆದು, ಕೊನೆಗೆ ಮತ್ತೊಂದು ಋಣ ಸೇರಿಸಿ ಉತ್ತರವನ್ನು ಮಗುಚಿಹಾಕಿದ ಉತ್ತರ ಪತ್ರಿಕೆಗಳನ್ನು ನಾನು ಸಾಕಷ್ಟು ತಿದ್ದಿದ್ದೇನೆ. ಇನ್ನೊಂದು ಸಣ್ಣ ಸಂಗತಿ: 1/v = −1/30 ಎಂದು ಬರೆದು ಅದನ್ನೇ ಉತ್ತರವೆಂದು ಬಿಡುವುದು. ತಲೆಕೆಳಗು ಮಾಡಿ v ಬರೆಯಿರಿ, cm ಸೇರಿಸಿ.

ಮಸೂರದ ಸಾಮರ್ಥ್ಯಕ್ಕೆ ಒಂದು ಸಾಲು ಸಾಕು. P = 1/f, ಆದರೆ f ಮೀಟರಿನಲ್ಲಿರಬೇಕು. ನಮ್ಮ 10 cm ಪೀನ ಮಸೂರಕ್ಕೆ f = 0.1 m, P = +10 D. ಸೆಂಟಿಮೀಟರಿನಲ್ಲೇ ಭಾಗಿಸಿದವರಿಗೆ 0.1 D ಬರುತ್ತದೆ. ಅಂದರೆ ಹತ್ತು ಮೀಟರ್ ಸಂಗಮದೂರದ ಮಸೂರ!

ರೇಖಾಚಿತ್ರಗಳಲ್ಲಿ ಎರಡನ್ನು ಮಾತ್ರ ಇಂದು ರಾತ್ರಿ ಕೈಯಿಂದ ಬಿಡಿಸಿ, ನೋಡಿ ಸುಮ್ಮನಾಗಬೇಡಿ. ಒಂದು, ನಿಮ್ನ ದರ್ಪಣದ ಮುಂದೆ C ಮತ್ತು F ನಡುವೆ ವಸ್ತು. ಇನ್ನೊಂದು, ಪೀನ ಮಸೂರದ F ಒಳಗೆ ವಸ್ತು. ಮೊದಲನೆಯದು ಸತ್ಯ ಪ್ರತಿಬಿಂಬಕ್ಕೆ, ಎರಡನೆಯದು ಮಿಥ್ಯ ಪ್ರತಿಬಿಂಬಕ್ಕೆ ಮಾದರಿ. ಎರಡು ಕಿರಣಗಳು ಸಾಕು: ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಬಂದು F ಮೂಲಕ ಹಾಯುವುದು ಒಂದು. ಇನ್ನೊಂದು ದರ್ಪಣಕ್ಕಾದರೆ C ಮೂಲಕ ಹೋಗಿ ಬಂದ ದಾರಿಯಲ್ಲೇ ಮರಳುವುದು, ಮಸೂರಕ್ಕಾದರೆ ನಡುಬಿಂದುವಿನ ಮೂಲಕ ನೇರ ಸಾಗುವುದು. ಕಿರಣದ ಮೇಲೆ ಬಾಣದ ಗುರುತು ಇಲ್ಲದಿದ್ದರೆ ಅದು ಕಿರಣವಲ್ಲ, ಬರೀ ಗೆರೆ. ಮಿಥ್ಯ ಪ್ರತಿಬಿಂಬದ ಕಡೆಗೆ ಹಿಂದಕ್ಕೆ ಎಳೆದ ಗೆರೆಗಳು ಮಾತ್ರ ಚುಕ್ಕೆಗೆರೆಗಳಾಗಿರಲಿ.

ಹಾಳೆಯ ತಳದಲ್ಲಿ ಗಾಜಿನ ಪಟ್ಟಿಕೆಗೆ ಸ್ವಲ್ಪ ಜಾಗ ಉಳಿಸಿ. ಗಾಳಿಯಿಂದ ಗಾಜಿಗೆ ಹೋಗುವಾಗ ಕಿರಣ ಲಂಬದ ಕಡೆಗೆ ಬಾಗುತ್ತದೆ, ಹೊರಬರುವಾಗ ಲಂಬದಿಂದ ದೂರಕ್ಕೆ ಬಾಗುತ್ತದೆ, ನಿರ್ಗಮನ ಕಿರಣ ಪತನ ಕಿರಣಕ್ಕೆ ಸಮಾಂತರವಾಗಿ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ವಕ್ರೀಭವನ ಸೂಚ್ಯಂಕ n = c/v. ಇಲ್ಲಿ v ಎಂದರೆ ಮಾಧ್ಯಮದಲ್ಲಿ ಬೆಳಕಿನ ವೇಗ, ಮೇಲಿನ ಪ್ರತಿಬಿಂಬ ದೂರವಲ್ಲ. ಗಾಜಿಗೆ n = 1.5 ಎಂದು ಕೊಟ್ಟರೆ ಅದರಲ್ಲಿ ಬೆಳಕಿನ ವೇಗ 3 × 10⁸ ÷ 1.5 = 2 × 10⁸ m/s. ಸೂಚ್ಯಂಕಕ್ಕೆ ಏಕಮಾನವಿಲ್ಲ. ಚಿತ್ರದಲ್ಲಿ ಪತನ ಕೋನವನ್ನು ಗಾಜಿನ ಮೇಲ್ಮೈಯಿಂದ ಗುರುತಿಸಬೇಡಿ, ಲಂಬದಿಂದ ಗುರುತಿಸಿ. 30° ಎಂದು ಬರೆಯಬೇಕಾದಲ್ಲಿ 60° ಬರುವುದು ಆ ಒಂದು ಗೆರೆಯ ತಪ್ಪಿನಿಂದಲೇ.