ಕವರ್ ಲೆಟರ್ ಒಂದೇ ಪುಟಕ್ಕೆ ಬರಬೇಕು, ಸಾಧನೆಗಳೂ ಉಳಿಯಬೇಕು: ಏನನ್ನು ತೆಗೆಯುವುದು?

ಪ್ರಶ್ನೆ: ಸರ್, ಆರು ವರ್ಷದಿಂದ ಹುಬ್ಬಳ್ಳಿಯ ಒಂದು ಸಗಟು ವ್ಯಾಪಾರದ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಈಗ ಬೆಂಗಳೂರಿನ ಕಂಪನಿಯೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಕವರ್ ಲೆಟರ್ ಹೆಚ್ಚುಕಡಿಮೆ ಎರಡು ಪುಟ ಆಗಿದೆ. ಒಂದೇ ಪುಟ ಇರಲಿ ಎನ್ನುತ್ತಾರೆ. ಆದರೆ ಸಾಧನೆಗಳನ್ನು ಬಿಟ್ಟರೆ ಅವರಿಗೆ ಗೊತ್ತಾಗುವುದು ಹೇಗೆ?

ಉತ್ತರ: ಊರು ಬೇರೆ, ಹುದ್ದೆ ಬೇರೆ, ಪ್ರಶ್ನೆ ಮಾತ್ರ ಇದೇ. ಹಿಂದೆಯೂ ಉತ್ತರಿಸಿದ್ದೇನೆ, ಮತ್ತೆ ಉತ್ತರಿಸುತ್ತೇನೆ. ಈ ಸಲ ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡೋಣ, ಏಕೆಂದರೆ ಪತ್ರ ಎರಡು ಪುಟವಾಗುವುದಕ್ಕೆ ಕಾರಣ ಆ ವಾಕ್ಯವೇ.

"ಪತ್ರದಲ್ಲಿ ಬರೆಯದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ" ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಸರ್ಕಾರಿ ಹುದ್ದೆಯ ಅರ್ಜಿಯಲ್ಲಿ ಅದು ನಿಜ. ಮೀಸಲಾತಿ, ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಏನೇ ಇರಲಿ, ಅರ್ಜಿಯಲ್ಲಿ ಕೇಳದೆ ಬಿಟ್ಟಿದ್ದನ್ನು ಆಮೇಲೆ ಕೇಳಿದರೆ ಆಯೋಗ ಒಪ್ಪುವುದಿಲ್ಲ. ಒಂದು ಕಾಲಂ ಖಾಲಿ ಬಿಟ್ಟು ಹುದ್ದೆ ಕಳೆದುಕೊಂಡವರ ಕಥೆಯನ್ನು ಅಣ್ಣನೋ ಅಕ್ಕನೋ ಹೇಳಿರುತ್ತಾರೆ. ಹಾಗಾಗಿ "ಇದ್ದದ್ದೆಲ್ಲ ಬರೆದುಬಿಡು" ಎನ್ನುವುದು ನಮಗೆ ಅಭ್ಯಾಸವಾಗಿಹೋಗಿದೆ.

ಖಾಸಗಿ ಕಂಪನಿಗೆ ಕಳಿಸುವ ಪತ್ರ ಅಂಥ ಅರ್ಜಿಯಲ್ಲ. ಅದರ ಜೊತೆಗೆ ರೆಸ್ಯೂಮೆ ಹೋಗುತ್ತದೆ, ಮತ್ತು ಸಾಧನೆಗಳ ಪೂರ್ತಿ ಪಟ್ಟಿ ಇರುವುದು ಅಲ್ಲಿ. ಪತ್ರದಿಂದ ತೆಗೆದ ಸಾಧನೆ ಕಳೆದುಹೋಗುವುದಿಲ್ಲ. ಓದುವವರು ರೆಸ್ಯೂಮೆ ತೆರೆದಾಗ ಅದು ಅಲ್ಲೇ ಇರುತ್ತದೆ, ಸಂದರ್ಶನದಲ್ಲಿ ಹೇಳಲೂ ಅವಕಾಶವಿದೆ. ಪತ್ರದ ಕೆಲಸ ಒಂದೇ: ಜಾಹೀರಾತಿನಲ್ಲಿ ಅವರು ಕೇಳಿದ ಕೆಲಸವನ್ನು ನೀವು ಈಗಾಗಲೇ ಮಾಡಿದ್ದೀರಿ ಎಂದು ತೋರಿಸಿ, ರೆಸ್ಯೂಮೆಯನ್ನು ಗಮನವಿಟ್ಟು ಓದುವಂತೆ ಮಾಡುವುದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂಬತ್ತು ಸಾಧನೆಗಳನ್ನು ಸಾಲಾಗಿ ಬರೆದರೆ ಒಂಬತ್ತೂ ಒಂದೇ ತೂಕದವಾಗಿ ಕಾಣುತ್ತವೆ. ವಸೂಲಿ ಅವಧಿಯನ್ನು ಮೂರು ವಾರ ಇಳಿಸಿದ್ದು ಮತ್ತು ಕಾಲೇಜಿನ ವಾಣಿಜ್ಯ ರಸಪ್ರಶ್ನೆಯಲ್ಲಿ ಎರಡನೇ ಬಹುಮಾನ ಪಡೆದದ್ದು ಅಕ್ಕಪಕ್ಕ ಕುಳಿತಾಗ ಪೆಟ್ಟು ಬೀಳುವುದು ಮೊದಲನೆಯದಕ್ಕೆ. ಎಲ್ಲವನ್ನೂ ಬರೆದವರು ಏನನ್ನೂ ಉಳಿಸಿಕೊಂಡಂತಲ್ಲ, ತಮ್ಮ ಒಳ್ಳೆಯ ಕೆಲಸವನ್ನು ತಾವೇ ಮುಚ್ಚಿಟ್ಟಂತೆ. ತರಗತಿಯಲ್ಲೂ ಇದನ್ನೇ ಹೇಳುತ್ತೇನೆ: ಬಿಡುವುದಕ್ಕೆ ಧೈರ್ಯ ಮಾಡಿದವರ ಪತ್ರವನ್ನು ಮೊದಲ ಪ್ಯಾರಾದಲ್ಲೇ ಗುರುತಿಸಬಹುದು.

ಈಗ ಕತ್ತರಿಸುವ ಕೆಲಸ. ನಿಮ್ಮಂಥದ್ದೇ ಒಂದು ಪತ್ರವನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಜಾಹೀರಾತು ಮೂರು ಕೆಲಸ ಕೇಳುತ್ತದೆ ಎನ್ನೋಣ: ಜಿಎಸ್‌ಟಿ ರಿಟರ್ನ್ಸ್, ಗ್ರಾಹಕರಿಂದ ಬಾಕಿ ವಸೂಲಿ, ಬ್ಯಾಂಕ್ ರಿಕನ್ಸಿಲಿಯೇಷನ್. ಪತ್ರದ ಪ್ರತಿಯೊಂದು ಸಾಧನೆಯ ಪಕ್ಕದಲ್ಲಿ, ಅದು ಯಾವ ಕೆಲಸಕ್ಕೆ ಉತ್ತರವೋ ಅದರ ಸಂಖ್ಯೆ 1, 2, ಅಥವಾ 3 ಬರೆಯಿರಿ. ಯಾವ ಸಂಖ್ಯೆಯೂ ಸಿಗದಿದ್ದರೆ ಅದು ರೆಸ್ಯೂಮೆಗೆ ಹೋಗಲಿ. ರಸಪ್ರಶ್ನೆ, 'ತಿಂಗಳ ಉತ್ತಮ ಉದ್ಯೋಗಿ', ವಾರ್ಷಿಕೋತ್ಸವದ ಓಡಾಟ, ಟ್ಯಾಲಿ ಕೋರ್ಸಿನ ಪ್ರಮಾಣಪತ್ರ, ಇವೆಲ್ಲ ಇಲ್ಲೇ ಹೊರಬೀಳುತ್ತವೆ.

ಉಳಿದವುಗಳಲ್ಲಿ ಕರ್ತವ್ಯ ಯಾವುದು, ಸಾಧನೆ ಯಾವುದು ನೋಡಿ. "ಪ್ರತಿ ತಿಂಗಳೂ ಸಮಯಕ್ಕೆ ಸರಿಯಾಗಿ ರಿಟರ್ನ್ಸ್ ಸಲ್ಲಿಸಿದ್ದೇನೆ" ಎನ್ನುವುದು ಕರ್ತವ್ಯ, ಅದಕ್ಕೇ ಸಂಬಳ. ಆದರೆ 2022ರ ಜನವರಿಯಿಂದ ಸರಬರಾಜುದಾರರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ, ಸಿಗುವುದಿಲ್ಲವಲ್ಲ? ತಿಂಗಳ 14ಕ್ಕೆ ಆ ಪಟ್ಟಿ ಬಂದ ಕೂಡಲೇ ಖರೀದಿ ಲೆಕ್ಕದ ಜೊತೆ ತಾಳೆ ನೋಡಿ, ಬಿಲ್ ತೋರಿಸದ ಸರಬರಾಜುದಾರರನ್ನು ಬೆನ್ನುಹತ್ತಿ, ನಿಂತುಹೋಗಿದ್ದ ಕ್ರೆಡಿಟ್ ಬಿಡಿಸಿಕೊಂಡಿದ್ದರೆ ಅದು ಸಾಧನೆ. ನೀವು ಇಲ್ಲದಿದ್ದರೆ ಆ ಹಣ ಅಲ್ಲೇ ನಿಂತಿರುತ್ತಿತ್ತು. ಈ ಪರೀಕ್ಷೆಯಲ್ಲಿ ಎರಡು ಸಾಧನೆ ಗೆದ್ದರೆ ಸಾಕು, ಮೂರನೆಯದಕ್ಕೆ ಒಂದು ಸಾಲು.

ಗೆದ್ದ ಎರಡನ್ನು ಮೊಟಕು ಮಾಡಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ, ಎಲ್ಲ ಸಾಧನೆಗಳನ್ನೂ ಸಮವಾಗಿ ಚಿಕ್ಕದು ಮಾಡಲು ಹೋಗುತ್ತಾರೆ. ಮೊದಲಿನ ಸಾಲು ಹೀಗಿತ್ತು ಎಂದಿಟ್ಟುಕೊಳ್ಳಿ: "ಬಾಕಿ ವಸೂಲಿಯ ಜವಾಬ್ದಾರಿಯನ್ನು ಶ್ರದ್ಧೆ ಮತ್ತು ಪ್ರಾಮಾಣಿಕತೆಯಿಂದ ನಿರ್ವಹಿಸಿ, ಗ್ರಾಹಕರ ನಿರಂತರ ಸಂಪರ್ಕದಲ್ಲಿದ್ದು ಗಣನೀಯ ಸುಧಾರಣೆ ತಂದಿದ್ದೇನೆ." ತಿದ್ದಿದ ಮೇಲೆ: "ಬಾಕಿಯನ್ನು 30, 60, 90 ದಿನ ಮೀರಿದವು ಎಂದು ವಿಂಗಡಿಸಿ ಪ್ರತಿ ಸೋಮವಾರ ಸೇಲ್ಸ್‌ನವರಿಗೆ ಕೊಟ್ಟೆ, ವಸೂಲಿಯ ಸರಾಸರಿ ಅವಧಿ ಒಂದು ವರ್ಷದಲ್ಲಿ 74 ದಿನದಿಂದ 51 ದಿನಕ್ಕೆ ಇಳಿಯಿತು." ಉದ್ದ ಇನ್ನೂ ಸ್ವಲ್ಪ ಹೆಚ್ಚಾಗಿದೆ, ಆಗಲಿ. ಏನು ಮಾಡಿದಿರಿ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಮೂರೂ ಅದರಲ್ಲಿವೆ. ಅಂದಹಾಗೆ, ದಿನಗಳ ಲೆಕ್ಕ ಹೇಳಿದ್ದರಿಂದ ಈಗಿನ ಮಾಲೀಕರ ವಹಿವಾಟಿನ ಮೊತ್ತವನ್ನು ಹೊರಗೆ ಬಿಟ್ಟುಕೊಟ್ಟಂತಾಗಲಿಲ್ಲ. ಹೊಸ ಕಂಪನಿಯವರು ಅದನ್ನೂ ಗಮನಿಸುತ್ತಾರೆ.

ಹಾಗಾದರೆ ಜಾಗ ಎಲ್ಲಿಂದ ಬರಬೇಕು? ಮೊದಲ ಪ್ಯಾರಾದಲ್ಲಿರುವ ಕಂಪನಿಯ ಹೊಗಳಿಕೆಯಿಂದ. ಅವರ ಹೆಗ್ಗಳಿಕೆ ಅವರಿಗೆ ಗೊತ್ತು. ಕೊನೆಯ ಪ್ಯಾರಾದಲ್ಲಿರುವ ಶ್ರಮಜೀವಿ, ತಂಡದ ಆಟಗಾರ, ಕಲಿಯುವ ಹಂಬಲ ಇತ್ಯಾದಿಗಳಿಂದ. ಹುಟ್ಟಿದ ದಿನಾಂಕ, ತಂದೆಯ ಹೆಸರು, ವೈವಾಹಿಕ ಸ್ಥಿತಿ, "ಮೇಲಿನ ಮಾಹಿತಿ ಸತ್ಯ" ಎಂಬ ಘೋಷಣೆಗಳಿಂದ. ಇಷ್ಟು ತೆಗೆದರೆ ಅರ್ಧ ಪುಟಕ್ಕಿಂತ ಹೆಚ್ಚೇ ಸಿಗುತ್ತದೆ. ಮೊದಲ ಸಾಲಿನಲ್ಲಿ ಹುದ್ದೆಯ ಹೆಸರು ಮತ್ತು ನಿಮ್ಮ ಅನುಭವ, ಕೂಡಲೇ ಅತಿ ಬಲವಾದ ಸಾಧನೆ, ನಂತರ ಎರಡನೆಯದು, ಕೊನೆಗೆ ಯಾವಾಗ ಸೇರಬಲ್ಲಿರಿ ಎಂಬ ಒಂದು ಮಾತು. ಇಂಗ್ಲಿಷಿನಲ್ಲಿ 250ರಿಂದ 350 ಪದ ಸಾಕು.

ಅಕ್ಷರವನ್ನು 9 ಪಾಯಿಂಟಿಗೆ ಇಳಿಸಿ, ಮಾರ್ಜಿನ್ ಕಿತ್ತು ಒಂದು ಪುಟ ಮಾಡುವವರಿಗೆ ಒಂದೇ ಮಾತು: 11 ಪಾಯಿಂಟ್, ನಾಲ್ಕೂ ಕಡೆ ಸುಮಾರು ಒಂದು ಇಂಚು ಬಿಟ್ಟಾಗ ಹಿಡಿಸಿದರೆ ಮಾತ್ರ ಅದು ಒಂದು ಪುಟ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಇಷ್ಟು ಕಷ್ಟಪಟ್ಟು ಮಾಡಿದ ಒಂದು ಪುಟ ಅವರ ಪರದೆಯ ಮೇಲೂ ಒಂದೇ ಪುಟವಾಗಿರುತ್ತದೆಯೇ? ವರ್ಡ್ ಫೈಲ್ ಆಗಿ ಕಳಿಸಿದರೆ ಖಾತ್ರಿ ಇಲ್ಲ. ನೀವು ಬಳಸಿದ ಅಕ್ಷರಶೈಲಿ ಅವರಲ್ಲಿ ಇಲ್ಲದಿದ್ದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ನಿಮ್ಮ ಸಹಿ ಒಂಟಿಯಾಗಿ ಎರಡನೇ ಪುಟಕ್ಕೆ ಜಾರುತ್ತದೆ. ಆದ್ದರಿಂದ ಪಿಡಿಎಫ್ ಮಾಡಿ. ಅದಕ್ಕೂ ಮೊದಲು ಕಾಗದದ ಅಳತೆ ನೋಡಿ. ಎಷ್ಟೋ ಕಂಪ್ಯೂಟರುಗಳಲ್ಲಿ ಅಮೆರಿಕದ ಲೆಟರ್ ಅಳತೆಯೇ ಇರುತ್ತದೆ, ಅದು ಎ4ಗಿಂತ 18 ಮಿಲಿಮೀಟರ್ ಗಿಡ್ಡ, ಅಂದರೆ ಮೂರು ಸಾಲು ಕಡಿಮೆ. ಮೂರು ಸಾಲಿಗಾಗಿ ಒದ್ದಾಡುತ್ತಿರುವವರು ಎ4 ಆರಿಸಿಕೊಂಡರೆ ಸಾಕಾಗಬಹುದು.

ಪತ್ರವನ್ನು ಇಮೇಲ್‌ನಲ್ಲೇ ಬರೆಯುವುದಾದರೆ ವಿಳಾಸ, ದಿನಾಂಕ ಬೇಡ, ಎರಡನೇ ಸಾಧನೆಯನ್ನೂ ಒಂದೇ ಸಾಲಿಗೆ ಇಳಿಸಿ. ಅಲ್ಲಿ 150 ಪದ ಮೀರಬಾರದು, ಏಕೆಂದರೆ ಅದನ್ನು ಹೆಚ್ಚಾಗಿ ಫೋನಿನಲ್ಲೇ ಓದುತ್ತಾರೆ. ಅದನ್ನೇ ಮತ್ತೆ ಕವರ್ ಲೆಟರ್ ಎಂದು ಲಗತ್ತಿಸುವುದೂ ಬೇಡ, ರೆಸ್ಯೂಮೆ ಒಂದನ್ನೇ ಲಗತ್ತಿಸಿ.