ಮೂರೂವರೆ ಕಿಲೋದ ಲೆಕ್ಕ: ತೂಕ, ಮುಟ್ಟು, ಬಸಿರು

ತೂಕ ಶೇ. 5 ಇಳಿದರೂ ಬಸಿರಾಗಲು ಅನುಕೂಲ ಎಂಬ ಪಾಠ ಓದುವಾಗ ಪಕ್ಕದಲ್ಲಿ ಕೂತಿದ್ದ ಶಿರಸಿಯ ಗೆಳತಿ ಕೇಳಿದಳು: "70 ಕಿಲೋ ಇದ್ದವಳು 66 ಆದ್ರೆ ಯಾರ ಕಣ್ಣಿಗೆ ಕಾಣ್ತದೆ ಮಾರಾಯ್ತಿ? ಅಷ್ಟಕ್ಕೆ ಬಸಿರು ನಿಲ್ತದಾ?" ಒಳ್ಳೆಯ ಪ್ರಶ್ನೆ. ನನ್ನ ಟಿಪ್ಪಣಿ ಪೂರ್ತಿ ಇದರ ಸುತ್ತಲೇ ಇದೆ.

ಲೆಕ್ಕಕ್ಕೆ ಒಬ್ಬಳನ್ನು ಊಹಿಸಿಕೊಳ್ಳೋಣ. ಕುಮಟಾ ಕಡೆಯವಳು, 29 ವರ್ಷ, ಎತ್ತರ 154 ಸೆಂ.ಮೀ., ತೂಕ 70 ಕಿಲೋ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 29.5. ನಮ್ಮಂಥ ಏಷ್ಯಾದವರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಮದುವೆಯಾಗಿ ಎರಡು ವರ್ಷ. ಮುಟ್ಟು ಒಮ್ಮೆ 45 ದಿನಕ್ಕೆ, ಒಮ್ಮೆ 60 ದಿನಕ್ಕೆ.

ಅವಳ ದೇಹದೊಳಗೆ ನಡೆಯುವುದು ಇಷ್ಟು. ಹೊಟ್ಟೆಯೊಳಗಿನ ಕೊಬ್ಬು ಮತ್ತು ಯಕೃತ್ತಿನ ಕೊಬ್ಬು ಹೆಚ್ಚಾದಾಗ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ನಡೆಯುವುದಿಲ್ಲ. ದೇಹ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಸ್ನಾಯುಗಳಿಗೆ ಅದು ಕೇಳಿಸುವುದಿಲ್ಲ, ಆದರೆ ಅಂಡಾಶಯಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ! ಅದು ಗಂಡು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಇತ್ತ ಯಕೃತ್ತು ಆ ಹಾರ್ಮೋನನ್ನು ಕಟ್ಟಿ ಇಡುವ ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಹಾಗಾಗಿ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಆ ಗಂಡು ಹಾರ್ಮೋನು, ಟೆಸ್ಟೋಸ್ಟಿರೋನ್, ಏರುತ್ತದೆ. ಅಂಡ ಇರುವ ಪುಟ್ಟ ಚೀಲಗಳು ಬೆಳೆಯಲು ಶುರುಮಾಡಿ ಅರ್ಧಕ್ಕೇ ನಿಂತುಬಿಡುತ್ತವೆ. ಅಂಡ ಹೊರಗೆ ಬರುವುದೇ ಇಲ್ಲ. ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುವ ಹಲವರ ಕತೆಯೂ ಇದೇ.

28 ದಿನದ ಮುಟ್ಟಿನವಳಿಗೆ ವರ್ಷಕ್ಕೆ 13 ಅವಕಾಶ. ಇವಳಿಗೆ ಹೆಚ್ಚೆಂದರೆ ಏಳು, ಅದರಲ್ಲೂ ಎಷ್ಟೋ ಖಾಲಿ. ತೂಕ ಬಸಿರಿಗೆ ಅಡ್ಡ ಬರುವ ಮುಖ್ಯ ದಾರಿ ಇದು.

ಈಗ ಗೆಳತಿಯ ಪ್ರಶ್ನೆಗೆ ಬರೋಣ. ತೂಕ ಇಳಿಯಲು ಶುರುವಾದಾಗ ಹೊಟ್ಟೆಯೊಳಗಿನ ಕೊಬ್ಬು ಮತ್ತು ಯಕೃತ್ತಿನ ಕೊಬ್ಬು ಬೇಗ ಕರಗುತ್ತವೆ. ತೊಡೆ, ಸೊಂಟದ್ದು ನಿಧಾನ. ಆದ್ದರಿಂದ ಶೇ. 5 ಇಳಿದರೂ, ಅಂದರೆ ಇವಳಿಗೆ 3.5 ಕಿಲೋ, ಇನ್ಸುಲಿನ್ ಇಳಿಯುತ್ತದೆ. ಬಿಎಂಐ ಆಗಲೂ 28. ಕನ್ನಡಿಯಲ್ಲಿ ಹೆಚ್ಚೇನೂ ಕಾಣದು. ಆದರೂ ಹಲವರಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ. ಎಲ್ಲರಲ್ಲೂ ಅಲ್ಲ. ವಾರಕ್ಕೆ ಅರ್ಧ ಕಿಲೋದಂತೆ ಇಳಿದರೆ ಇದು ಎರಡು ತಿಂಗಳ ಕೆಲಸ. ಇವಳು ಮೀನು ಬಿಡಬೇಕಿಲ್ಲ. ಬಂಗುಡೆಯನ್ನು ರವೆ ಹಾಕಿ ಹುರಿಯುವ ಬದಲು ಸಾರು ಮಾಡಲಿ, ಅನ್ನದ ರಾಶಿ ಅರ್ಧ ಮಾಡಲಿ, ಸಂಜೆಯ ಬನ್ಸ್ ಬಿಡಲಿ. ಉಪವಾಸ ಕೂತು ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಹಟ ಬೇಡ. ಅದರಿಂದಲೇ ಮುಟ್ಟು ನಿಲ್ಲಬಹುದು.

ಅಂಡ ಬಂತೆಂದು ತಿಳಿಯುವುದು ಹೇಗೆ? ಮೊದಲ ಸುಳಿವು ಕ್ಯಾಲೆಂಡರ್: 45, 60 ಇದ್ದದ್ದು 35ರ ಹತ್ತಿರ ಬರುತ್ತದೆ. ಖಚಿತಕ್ಕೆ, ಅಂಡ ಹೊರಬಂದ ಮೇಲೆ ಏರುವ ಪ್ರೊಜೆಸ್ಟಿರೋನ್ ಹಾರ್ಮೋನಿನ ರಕ್ತಪರೀಕ್ಷೆ. ನಾವೆಲ್ಲ 'ಇಪ್ಪತ್ತೊಂದನೇ ದಿನ' ಎಂದು ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಅದು 28 ದಿನದವಳಿಗೆ ಮಾತ್ರ. ಪರೀಕ್ಷೆ ಆಗಬೇಕಾದ್ದು ಮುಂದಿನ ಮುಟ್ಟಿಗೆ ಏಳು ದಿನ ಮೊದಲು. 35 ದಿನದವಳಿಗೆ ಅದು 28ನೇ ದಿನ. ಇವಳ ರಕ್ತವನ್ನು 21ಕ್ಕೇ ತೆಗೆದರೆ ಸುಮ್ನೆ 'ಅಂಡ ಬಂದಿಲ್ಲ' ಎಂದು ಬರೆದುಬಿಡುತ್ತೇವೆ. ಎಲ್ಲಕ್ಕೂ ತೂಕವನ್ನೇ ದೂರುವ ಮೊದಲು ಥೈರಾಯ್ಡ್ ಮತ್ತು ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಿಸಿರಬೇಕು.

ಇನ್ನು ಗಂಡನ ವಿಷಯ. ನಮ್ಮ ಕಡೆ ಅತ್ತೆಯಂದಿರು ಸೊಸೆಯನ್ನು ಮಾತ್ರ ನೋಡುತ್ತಾರೆ. ಗಂಡಸಿನ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರೋನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಮೆದುಳು ಅದನ್ನು ಕಂಡು ವೃಷಣಕ್ಕೆ ಕೊಡುವ ಆಜ್ಞೆ ತಗ್ಗಿಸುತ್ತದೆ. ತೊಡೆಗಳ ನಡುವಿನ ಬಿಸಿಯೂ ಸೇರುತ್ತದೆ. ತೂಕ ಇಳಿದರೆ ಟೆಸ್ಟೋಸ್ಟಿರೋನ್ ಏರುವುದು ಸ್ಪಷ್ಟ. ವೀರ್ಯಾಣು ಎಷ್ಟು ಸುಧಾರಿಸುತ್ತವೆ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಮೂರು ತಿಂಗಳ ಮೊದಲು ಮರುಪರೀಕ್ಷೆ ದಂಡ. ಒಂದು ಎಚ್ಚರಿಕೆ: ಕಡಿಮೆಯಿದೆ ಎಂದು ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತೆಗೆದುಕೊಂಡರೆ ವೀರ್ಯಾಣು ಪೂರ್ತಿ ನಿಂತುಹೋಗಬಹುದು. ಜಿಮ್‌ನಲ್ಲಿ ಯಾರೋ ಕೊಟ್ಟದ್ದೂ ಅದೇ ಇರಬಹುದು, ಕೇಳಿ ನೋಡಬೇಕು.

ತೂಕ ಇಳಿಸುವುದರ ಲಾಭಕ್ಕೆ ಮಿತಿಯೂ ಇದೆ. 2016ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಬೊಜ್ಜಿದ್ದ ಹೆಂಗಸರ ಒಂದು ಗುಂಪು ಬಂಜೆತನದ ಚಿಕಿತ್ಸೆಗೆ ಮೊದಲು ಆರು ತಿಂಗಳು ತೂಕ ಇಳಿಸಿತು, ಇನ್ನೊಂದು ತಕ್ಷಣ ಚಿಕಿತ್ಸೆ ಪಡೆಯಿತು. ಮೊದಲ ಗುಂಪಿನಲ್ಲಿ ತಾವಾಗಿಯೇ ಬಸಿರಾದವರು ಹೆಚ್ಚು. ಆದರೆ ಆರೋಗ್ಯವಂತ ಮಗುವಿನ ಸಹಜ ಹೆರಿಗೆ ಆ ಗುಂಪಿನಲ್ಲಿ ಹೆಚ್ಚಲಿಲ್ಲ. ಆದ್ದರಿಂದ 29 ವರ್ಷದವಳಿಗೆ ಕೆಲವು ತಿಂಗಳು ಕೊಡಬಹುದು. 37 ವರ್ಷದವಳನ್ನು 'ಮೊದಲು ಇಳಿಸಿ ಬಾ' ಎಂದು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅವಳಿಗೆ ಎರಡೂ ಒಟ್ಟಿಗೇ ನಡೆಯಬೇಕು.

ಕೊನೆಗೆ, ಪುಸ್ತಕದ ಅಂಚಿನಲ್ಲಿ ಬರೆದುಕೊಂಡದ್ದು. ಅಂಡ ಮೊದಲು, ಮುಟ್ಟು ಆಮೇಲೆ. ಅಂದರೆ 'ಮುಟ್ಟು ಸರಿಹೋಗಲಿ, ಆಮೇಲೆ ನೋಡೋಣ' ಎಂದು ಕಾಯುತ್ತಿದ್ದವಳು ಆ ಮುಟ್ಟು ಬರುವ ಮೊದಲೇ ಬಸಿರಾಗಬಹುದು. ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆ ತೂಕ ಇಳಿಸಲು ಶುರು ಮಾಡಿದ ದಿನವೇ ಶುರುವಾಗಬೇಕು. ಮಾಮೂಲಿಯಾಗಿ ದಿನಕ್ಕೆ 400 ಮೈಕ್ರೋಗ್ರಾಂ, ತೂಕ ತುಂಬಾ ಜಾಸ್ತಿ ಇದ್ದರೆ ಎಷ್ಟೆಂದು ವೈದ್ಯರು ಹೇಳುತ್ತಾರೆ. ಸೆಮಾಗ್ಲುಟೈಡ್ ಇಂಜೆಕ್ಷನ್ನಿನಿಂದ ಇಳಿಸುತ್ತಿದ್ದರೆ, ಬಸಿರಿಗೆ ಕನಿಷ್ಠ ಎರಡು ತಿಂಗಳು ಮೊದಲೇ ಅದನ್ನು ನಿಲ್ಲಿಸಿರಬೇಕು.